ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಗೌರವಧನ, ಪ್ರೋತ್ಸಾಹಧನ: ಬರಬೇಕಾದ ಬಾಕಿಯ ಲೆಕ್ಕ ಇಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಹಣದ ವಿಷಯದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಹೆಚ್ಚಿನ ಜಾಗ ಆಶಾ ಪ್ರೋತ್ಸಾಹಧನಕ್ಕೆ ಹೋಗಿದೆ. ಅಲ್ಲಿ ಹಣ ಹತ್ತಾರು ಸಣ್ಣ ತುಂಡುಗಳಲ್ಲಿ ಬರುತ್ತದೆ, ಹಾಗಾಗಿ ಯಾವ ತುಂಡು ತಪ್ಪಿಹೋಯಿತು ಎಂಬುದು ಗೊತ್ತಾಗುವುದೇ ಕಷ್ಟ.

ಗೌರವಧನಕ್ಕೂ ಪ್ರೋತ್ಸಾಹಧನಕ್ಕೂ ಏನು ವ್ಯತ್ಯಾಸ?

ಗೌರವಧನ ಎಂದರೆ ತಿಂಗಳಿಗೆ ಇಷ್ಟು ಎಂದು ಗೊತ್ತುಪಡಿಸಿದ ಮೊತ್ತ. ಪ್ರೋತ್ಸಾಹಧನ ಎಂದರೆ ಒಂದು ನಿರ್ದಿಷ್ಟ ಕೆಲಸ ಮುಗಿದು, ಅದು ದಾಖಲೆಯಲ್ಲಿ ಕಂಡ ಮೇಲೆ ಆ ಕೆಲಸಕ್ಕೆ ಕೊಡುವ ಮೊತ್ತ. ಅಂಗನವಾಡಿಯಲ್ಲಿ ಗೌರವಧನವೇ ಮುಖ್ಯ, ಪ್ರೋತ್ಸಾಹಧನ ಸಣ್ಣದು. ಆಶಾ ಕೆಲಸದಲ್ಲಿ ಕೇಂದ್ರ ಸರ್ಕಾರ ಕೊಡುವುದೆಲ್ಲ ಪ್ರೋತ್ಸಾಹಧನ, ಅದರ ಮೇಲೆ ರಾಜ್ಯ ಸರ್ಕಾರ ತನ್ನ ಗೌರವಧನವನ್ನು ಸೇರಿಸುತ್ತದೆ.

ಎರಡನ್ನೂ ಸಂಬಳ ಎಂದು ಕರೆಯದಿರುವುದರ ಪರಿಣಾಮ ನೇರವಾಗಿ ನಿಮ್ಮ ಮೇಲಾಗುತ್ತದೆ. ಸಂಬಳಕ್ಕೆ ಪ್ರತಿ ತಿಂಗಳು ವಿವರದ ಚೀಟಿ ಇರುತ್ತದೆ, ಇಂಥ ದಿನ ಜಮೆ ಆಗಬೇಕೆಂಬ ವಾಡಿಕೆ ಇರುತ್ತದೆ. ಇಲ್ಲಿ ಅವೆರಡೂ ಇಲ್ಲದಿರುವುದರಿಂದ ಆ ಚೀಟಿಯನ್ನು ನೀವೇ ನಿಮ್ಮ ಪುಸ್ತಕದಲ್ಲಿ ತಯಾರಿಸಿಕೊಳ್ಳಬೇಕಾಗಿದೆ. ಇದು ನ್ಯಾಯವಲ್ಲ ಎಂದೇ ನಾನು ತಿಳಿದಿದ್ದೇನೆ, ಆದರೆ ಇವತ್ತಿನ ಸ್ಥಿತಿ ಹೀಗಿದೆ.

ಆಶಾ ಕಾರ್ಯಕರ್ತೆಗೆ ತಿಂಗಳಿಗೆ ಯಾವ ಯಾವ ಮೂಲದಿಂದ ಹಣ ಬರುತ್ತದೆ?

ಮೂರು ಮೂಲಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಮೊದಲನೆಯದು ರಾಜ್ಯದ ನಿಗದಿತ ಗೌರವಧನ. ಎರಡನೆಯದು ಕೇಂದ್ರದ ನಿತ್ಯದ ಕೆಲಸಗಳ ಪ್ರೋತ್ಸಾಹಧನ. ಇದು 2018ರ ಅಕ್ಟೋಬರ್‌ನಿಂದ ತಿಂಗಳಿಗೆ 2,000 ರೂಪಾಯಿ ಇತ್ತು. 2025ರ ಮಾರ್ಚ್‌ನಲ್ಲಿ ಸೇರಿದ್ದ ರಾಷ್ಟ್ರೀಯ ಆರೋಗ್ಯ ಅಭಿಯಾನದ ಉನ್ನತ ಸಮಿತಿ ಇದನ್ನು 3,500ಕ್ಕೆ ಏರಿಸುವ ತೀರ್ಮಾನ ಮಾಡಿತು. ಮೂರನೆಯದು ಹೆರಿಗೆ, ಮನೆ ಭೇಟಿ, ಲಸಿಕೆ ಮುಂತಾದ ಪ್ರತಿ ಪ್ರಕರಣಕ್ಕೂ ಲೆಕ್ಕ ಹಾಕಿ ಕೊಡುವ ಪ್ರೋತ್ಸಾಹಧನ.

ಎರಡನೆಯ ಬಾಬ್ತು ಪ್ರತಿ ತಿಂಗಳೂ ಒಂದೇ ಮೊತ್ತ ಬರುವುದರಿಂದ ಹಲವರು ಅದನ್ನು ಗೌರವಧನವೆಂದೇ ತಿಳಿಯುತ್ತಾರೆ. ಆದರೆ ಅದೂ ತುಂಡುಗಳಿಂದ ಕೂಡಿದ್ದು. ಹಳೆಯ 2,000 ರೂಪಾಯಿಯನ್ನು ಬಿಡಿಸಿ ನೋಡಿದರೆ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕತೆ ದಿನಕ್ಕೆ 200, ಗ್ರಾಮ ಆರೋಗ್ಯ ಸಮಿತಿಯ ಸಭೆಗೆ 150, ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಸಿಕ ಸಭೆಗೆ 150, ಉಳಿದ 1,500 ಮನೆಗಳ ಪಟ್ಟಿ, ಜನನ ಮರಣ ದಾಖಲೆ, ಲಸಿಕೆಯ ಮಕ್ಕಳ ಪಟ್ಟಿ, ಗರ್ಭಿಣಿಯರ ಪಟ್ಟಿ, ಅರ್ಹ ದಂಪತಿಗಳ ಪಟ್ಟಿ ಇವುಗಳನ್ನು ಇಟ್ಟುಕೊಳ್ಳುವುದಕ್ಕೆ. ಆದ್ದರಿಂದ ಒಂದು ತಿಂಗಳು 150 ರೂಪಾಯಿ ಕಡಿಮೆ ಬಂದಿದ್ದರೆ ಯಾವುದೋ ಒಂದು ಸಭೆಯ ಹಾಜರಿ ದಾಖಲಾಗಿಲ್ಲ ಎಂದು ಊಹಿಸಬಹುದು. ಸಭೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ ದಿನವನ್ನು ನಿಮ್ಮ ಪುಸ್ತಕದಲ್ಲೂ ಬರೆದುಕೊಂಡಿದ್ದರೆ ಆ ಊಹೆಯನ್ನು ಅಲ್ಲೇ ಪರೀಕ್ಷಿಸಿ ನೋಡಬಹುದು.

ತಿಂಗಳಿಗೆ 10,000 ರೂಪಾಯಿ ಖಾತರಿ ಎಂದು ಹೇಳಿದ್ದರಲ್ಲ?

2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಆಶಾ ಕಾರ್ಯಕರ್ತೆಯರು ನಡೆಸಿದ ಅಹೋರಾತ್ರಿ ಧರಣಿಯ ಕೊನೆಗೆ, ಗೌರವಧನ ಮತ್ತು ಪ್ರೋತ್ಸಾಹಧನ ಎರಡೂ ಸೇರಿ ಕನಿಷ್ಠ 10,000 ರೂಪಾಯಿ ಸಿಗುವಂತೆ ನೋಡಿಕೊಳ್ಳುವುದಾಗಿ ಮುಖ್ಯಮಂತ್ರಿಯವರು ಭರವಸೆ ಕೊಟ್ಟರು. ಇಲ್ಲಿ "ಸೇರಿ" ಎಂಬ ಮಾತನ್ನು ಗಮನಿಸಬೇಕು. ರಾಜ್ಯದ ಗೌರವಧನವೊಂದೇ 10,000 ಎಂದು ಲೆಕ್ಕ ಹಿಡಿದು ಬಾಕಿ ಕೇಳಿದರೆ ಆ ಅರ್ಜಿ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಬಾಕಿಯ ಅರ್ಜಿ ಬರೆಯುವಾಗ ಭರವಸೆಯನ್ನಾಗಲಿ, ಪತ್ರಿಕೆಯ ಸುದ್ದಿಯನ್ನಾಗಲಿ, ಬಜೆಟ್ ಭಾಷಣವನ್ನಾಗಲಿ ಆಧಾರವಾಗಿ ಕೊಡಬೇಡಿ. ಹಣ ಬಿಡುಗಡೆಯಾಗುವುದು ಸರ್ಕಾರಿ ಆದೇಶದ ಮೇಲೆ. ಆದೇಶದ ಸಂಖ್ಯೆ, ದಿನಾಂಕ ಮತ್ತು ಅದು ಯಾವ ತಿಂಗಳಿನಿಂದ ಜಾರಿ ಎಂಬ ಸಾಲು, ಈ ಮೂರೂ ಇದ್ದ ಅರ್ಜಿಗೆ ಉತ್ತರ ಕೊಡದೆ ಇರುವುದು ಕಚೇರಿಗೆ ಕಷ್ಟ.

ಒಬ್ಬ ತಾಯಿ, ಒಂದು ಮಗುವಿನ ಲೆಕ್ಕದಲ್ಲಿ ನನಗೆ ಒಟ್ಟು ಎಷ್ಟು ಬರಬೇಕು, ಯಾವಾಗ ಬರಬೇಕು?

ಇದನ್ನು ಒಂದು ಉದಾಹರಣೆಯಿಂದಲೇ ನೋಡೋಣ. ಹಳ್ಳಿಯ ಒಬ್ಬ ಬಿಪಿಎಲ್ ಕುಟುಂಬದ ಗರ್ಭಿಣಿ ಮೂರು ತಿಂಗಳೊಳಗೇ ನೋಂದಣಿ ಮಾಡಿಸಿಕೊಂಡು, ತಪಾಸಣೆಗಳನ್ನೆಲ್ಲ ಮುಗಿಸಿ, 2025ರ ಮಾರ್ಚ್ 10ರಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹೆತ್ತಳು ಎಂದುಕೊಳ್ಳಿ.

ಜನನಿ ಸುರಕ್ಷಾ ಯೋಜನೆಯಲ್ಲಿ ಗ್ರಾಮೀಣ ಆಶಾಗೆ 600 ರೂಪಾಯಿ. ಇದು ಒಂದೇ ಮೊತ್ತವಲ್ಲ. ಗರ್ಭಿಣಿಯ ಆರೈಕೆ, ತಪಾಸಣೆಗಳಿಗೆ 300, ಆಸ್ಪತ್ರೆಯ ಹೆರಿಗೆ ಮಾಡಿಸಿದ್ದಕ್ಕೆ 300. ನಗರ ಪ್ರದೇಶದಲ್ಲಿ ಇದು 200 ಮತ್ತು 200. ಮಾರ್ಚ್ ತಿಂಗಳ ಕ್ಲೇಮಿನಲ್ಲಿ ಇದು ಸೇರಬೇಕು. ನಮ್ಮ ರಾಜ್ಯದಲ್ಲಿ ಈ ಯೋಜನೆ ಬಿಪಿಎಲ್, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ತಾಯಂದಿರಿಗೆ ಸೇರಿದ್ದು. ಎಪಿಎಲ್ ಮನೆಯ ತಾಯಿಗಾಗಿ ನೀವು ಅಷ್ಟೇ ಓಡಾಡಿದ್ದರೂ ಈ ಬಾಬ್ತಿನಲ್ಲಿ ಹಣ ಬರುವುದಿಲ್ಲ. ಪಡಿತರ ಚೀಟಿಯ ಪ್ರತಿ ಅಥವಾ ಜಾತಿ ಪ್ರಮಾಣಪತ್ರ ಇಲ್ಲದೆ ತಿರಸ್ಕೃತವಾಗುವ ಕ್ಲೇಮುಗಳಿಗೂ ಕಾರಣ ಇದೇ.

ಮುಂದಿನದು ನವಜಾತ ಶಿಶುವಿನ ಮನೆ ಭೇಟಿ. ಆಸ್ಪತ್ರೆಯ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ, ಒಟ್ಟು ಆರು ಭೇಟಿ. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಸೇರಿ ಏಳು. ಇದಕ್ಕೆ 250 ರೂಪಾಯಿ. ಪ್ರತಿ ಭೇಟಿಗೂ ಹಣ ಎಂದು ತಿಳಿಯಬಾರದು, ಎಲ್ಲ ಭೇಟಿಗಳೂ ಮುಗಿದು, ಮಗುವಿನ ತೂಕ ತಾಯಿ ಕಾರ್ಡ್‌ನಲ್ಲಿ ಬರೆದು, ಲಸಿಕೆ ಹಾಗೂ ಜನನ ನೋಂದಣಿ ಆಗಿದ್ದರೆ ಮಾತ್ರ ಈ ಮೊತ್ತ. ಹುಟ್ಟಿದ ದಿನವನ್ನು ಮೊದಲ ದಿನವೆಂದು ಎಣಿಸಿದರೆ ನಮ್ಮ ಉದಾಹರಣೆಯಲ್ಲಿ 42ನೆಯ ದಿನ ಏಪ್ರಿಲ್ 20. ಹೆರಿಗೆ ಮಾರ್ಚ್‌ನಲ್ಲಾದರೂ ಈ 250 ಏಪ್ರಿಲ್ ಲೆಕ್ಕಕ್ಕೆ ಸೇರುತ್ತದೆ.

ಆಮೇಲೆ ಮಗುವಿಗೆ 3, 6, 9, 12 ಮತ್ತು 15 ತಿಂಗಳು ತುಂಬಿದಾಗ ಮಾಡುವ ಐದು ಭೇಟಿಗಳು. ಇಲ್ಲಿ ಮಾತ್ರ ಭೇಟಿಗೆ 50ರಂತೆ ಒಟ್ಟು 250. ನಮ್ಮ ಮಗುವಿನ ಮೊದಲ ಭೇಟಿ 2025ರ ಜೂನ್‌ನಲ್ಲಿ, ಕೊನೆಯದು 2026ರ ಜೂನ್‌ನಲ್ಲಿ. ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಎಲ್ಲ ಲಸಿಕೆ ಮುಗಿದರೆ 100, ಎರಡನೆಯ ವರ್ಷದ ಲಸಿಕೆಗಳೂ ಪೂರ್ತಿಯಾದರೆ 75.

ಕೂಡಿಸಿದರೆ 600, 250, 250, 100, 75, ಒಟ್ಟು 1,275 ರೂಪಾಯಿ. ಗರ್ಭಿಣಿಯ ನೋಂದಣಿಯಿಂದ ಹಿಡಿದರೆ ಈ ಹಣ ಎರಡೂವರೆ ವರ್ಷದಷ್ಟು ಅವಧಿಯಲ್ಲಿ, ಬೇರೆ ಬೇರೆ ತಿಂಗಳ ಬಿಲ್ಲಿನಲ್ಲಿ, ಹತ್ತಾರು ತಾಯಂದಿರ ಲೆಕ್ಕದ ಜೊತೆ ಬೆರೆತು ಬರುತ್ತದೆ. ನೆನಪಿನ ಮೇಲೆ ಇದನ್ನು ಹಿಡಿದಿಡಲು ಯಾರಿಂದಲೂ ಆಗುವುದಿಲ್ಲ.

ಹಾಗಾದರೆ ಪುಸ್ತಕ ಹೇಗಿರಬೇಕು?

ತಿಂಗಳವಾರು ಪುಸ್ತಕ ಒಂದೇ ಸಾಲದು. ಒಬ್ಬ ತಾಯಿಗೆ ಒಂದು ಪುಟ ಕೊಡಿ. ಮೇಲ್ಗಡೆ ತಾಯಿ ಕಾರ್ಡ್‌ನಲ್ಲಿರುವ 12 ಅಂಕಿಯ ಆರ್‌ಸಿಎಚ್ ಸಂಖ್ಯೆ ಬರೆಯಿರಿ. ಹೆಸರು ತಪ್ಪಾದರೂ ಸಂಖ್ಯೆ ತಪ್ಪಬಾರದು, ಏಕೆಂದರೆ ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಇರುವುದು ಸಾಮಾನ್ಯ, ಕಂಪ್ಯೂಟರಿನಲ್ಲಿ ಹುಡುಕುವುದೂ ಆ ಸಂಖ್ಯೆಯಿಂದಲೇ. ಕೆಳಗೆ ಮೇಲೆ ಹೇಳಿದ ಐದು ಬಾಬ್ತುಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆ ನಾಲ್ಕು ದಿನಾಂಕಗಳಿಗೆ ಜಾಗ ಬಿಡಿ: ಕೆಲಸ ಮುಗಿದ ದಿನ, ಅದು ಪೋರ್ಟಲ್‌ಗೆ ಏರಿದ ದಿನ, ನೀವು ಕ್ಲೇಮು ಕೊಟ್ಟ ದಿನ, ಹಣ ಖಾತೆಗೆ ಬಂದ ದಿನ.

ಈ ನಾಲ್ಕರಲ್ಲಿ ಎರಡನೆಯದೇ ಎಲ್ಲರೂ ಖಾಲಿ ಬಿಡುವ ಜಾಗ. ಬಾಕಿ ಹುಟ್ಟುವುದೂ ಬಹುಪಾಲು ಅಲ್ಲೇ. ಪ್ರೋತ್ಸಾಹಧನದ ಲೆಕ್ಕವನ್ನು ಆರ್‌ಸಿಎಚ್ ಪೋರ್ಟಲ್‌ಗೆ ಜೋಡಿಸಿದ್ದನ್ನು ಬಿಡಿಸಬೇಕೆಂದು ರಾಜ್ಯದ ಆಶಾ ಸಂಘಟನೆಗಳು ವರ್ಷಗಳಿಂದ ಹೋರಾಡುತ್ತಿರುವುದಕ್ಕೆ ಕಾರಣವೂ ಇದೇ. ಕೆಲಸ ಮಾಡುವವರು ನೀವು, ಅದನ್ನು ಕಂಪ್ಯೂಟರಿಗೆ ಏರಿಸುವವರು ಬೇರೆಯವರು, ಅವರು ಏರಿಸದಿದ್ದರೆ ಹಣ ನಿಲ್ಲುವುದು ನಿಮ್ಮದು. ಆದ್ದರಿಂದ ಮಾಸಿಕ ಸಭೆಗೆ ಹೋದಾಗ ಸಿಸ್ಟರ್ ಅಥವಾ ಡೇಟಾ ಎಂಟ್ರಿ ಮಾಡುವವರ ಹತ್ತಿರ ಕೂತು, "ಈ ಸಂಖ್ಯೆಯ ತಾಯಿದು ಎಂಟ್ರಿ ಆಗಿದೆಯಾ, ಸ್ವಲ್ಪ ನೋಡಿ ಹೇಳ್ತೀರಾ ಸಿಸ್ಟರ್" ಎಂದು ಕೇಳಿ, ಆಗಿದ್ದರೆ ದಿನಾಂಕ ಬರೆದುಕೊಳ್ಳಿ. ಅವರ ಮೇಲೂ ಕೆಲಸದ ಹೊರೆ ಇರುತ್ತದೆ. ಜಗಳದ ದನಿಯಲ್ಲಿ ಕೇಳಬೇಕಾಗಿಲ್ಲ, ಆದರೆ ಕೇಳದೆ ಬರಬೇಡಿ.

ಕ್ಲೇಮು ಫಾರಂ ಕೊಡುವ ಮೊದಲು ಅದರ ಫೋಟೋ ತೆಗೆದುಕೊಳ್ಳಿ. ವೈದ್ಯಾಧಿಕಾರಿಯವರ ಸಹಿಯಾದ ಮೇಲೆ ಇನ್ನೊಂದು ಫೋಟೋ. ಫಾರಂನಲ್ಲಿ ಯಾರಾದರೂ ಒಂದು ಸಾಲನ್ನು ಹೊಡೆದು ಹಾಕಿದ್ದರೆ ಎರಡು ಫೋಟೋಗಳ ವ್ಯತ್ಯಾಸದಲ್ಲಿ ಅದು ಕಾಣುತ್ತದೆ.

ಖಾತೆಗೆ ಒಟ್ಟು ಮೊತ್ತ ಮಾತ್ರ ಬಂದಿದೆ. ಯಾವುದು ಬಿಟ್ಟುಹೋಗಿದೆ ಎಂದು ಕಂಡುಹಿಡಿಯುವುದು ಹೇಗೆ?

ವ್ಯತ್ಯಾಸದ ಮೊತ್ತವೇ ಅರ್ಧ ಉತ್ತರ ಹೇಳುತ್ತದೆ. ಒಬ್ಬ ಆಶಾ ಏಪ್ರಿಲ್ ತಿಂಗಳಿಗೆ ಇಬ್ಬರು ತಾಯಂದಿರ ಜನನಿ ಸುರಕ್ಷಾ ಹಣ 1,200, ಮೂರು ಶಿಶುಗಳ ಮನೆ ಭೇಟಿ 750, ನಾಲ್ಕು ಮಕ್ಕಳ ಪೂರ್ಣ ಲಸಿಕೆ 400, ಒಟ್ಟು 2,350ಕ್ಕೆ ಕ್ಲೇಮು ಕೊಟ್ಟಿದ್ದಾರೆ. ಬಂದದ್ದು 1,800. ಕೊರತೆ 550.

ಈ 550 ಎಂಬುದು ಒಂದೇ ಬಾಬ್ತಾಗಲು ಸಾಧ್ಯವಿಲ್ಲ. ಒಂದು 300 ಮತ್ತು ಒಂದು 250 ಸೇರಿರಬೇಕು, ಇಲ್ಲವೇ ಒಂದು 250 ಮತ್ತು ಮೂರು ಲಸಿಕೆಯ 100. ಎರಡರಲ್ಲೂ ಒಂದು ಮನೆ ಭೇಟಿಯ 250 ಇದ್ದೇ ಇದೆ. ಆದ್ದರಿಂದ ಮೊದಲು ಆ ಮೂರು ಶಿಶುಗಳ ಪುಟ ತೆಗೆಯಬೇಕು. ತೆಗೆದು ನೋಡಿದರೆ ಒಂದು ಮಗು ಹುಟ್ಟಿದ್ದು ಮಾರ್ಚ್ 23ಕ್ಕೆ. ಅದರ 42ನೆಯ ದಿನ ಮೇ 3. ಅಂದರೆ ಏಪ್ರಿಲ್‌ನಲ್ಲಿ ಆ ಕ್ಲೇಮು ಇನ್ನೂ ಹಣ್ಣಾಗಿರಲಿಲ್ಲ. ಅದು ಬಾಕಿಯಲ್ಲ, ಮೇ ತಿಂಗಳಿಗೆ ಮತ್ತೆ ಬರೆಯಬೇಕಾದದ್ದು. ಇಲ್ಲಿ ತಪ್ಪು ಆಶಾ ಕಡೆಯದು.

ಉಳಿದದ್ದು 300. ಲಸಿಕೆಯ ನಾಲ್ಕೂ ಮಕ್ಕಳದು ಪೋರ್ಟಲ್‌ನಲ್ಲಿ ಸರಿಯಾಗಿದೆ. ಇಬ್ಬರು ತಾಯಂದಿರಲ್ಲಿ ಒಬ್ಬಳ ಕೊನೆಯ ತಪಾಸಣೆ ಖಾಸಗಿ ಕ್ಲಿನಿಕ್‌ನಲ್ಲಿ ಆಗಿತ್ತು. ತಾಯಿ ಕಾರ್ಡ್‌ನಲ್ಲಿ ಬರೆದಿದ್ದರೂ ಪೋರ್ಟಲ್‌ಗೆ ಏರಿರಲಿಲ್ಲ. ಹಾಗಾಗಿ ಹೆರಿಗೆಯ 300 ಬಂದು, ಆರೈಕೆಯ 300 ನಿಂತಿತು. ಇದು ನಿಜವಾದ ಬಾಕಿ. ಕಾರ್ಡ್‌ನ ಆ ಪುಟದ ಪ್ರತಿಯೊಂದಿಗೆ ಎಂಟ್ರಿ ಮಾಡಿಸಿ, ಮುಂದಿನ ಬಿಲ್ಲಿನಲ್ಲಿ "ಏಪ್ರಿಲ್ ಬಾಕಿ" ಎಂದು ಬೇರೆ ಸಾಲಿನಲ್ಲಿ ಕೇಳಬೇಕು.

ಈ ಲೆಕ್ಕ ಹಾಕದೆ "550 ಕಡಿಮೆ ಬಂದಿದೆ" ಎಂದು ಹೇಳಿದ್ದರೆ ಕಚೇರಿಯವರು 250 ಏಕೆ ಬರುವುದಿಲ್ಲ ಎಂದು ತೋರಿಸಿ, ಅದರ ಜೊತೆಗೇ 300ರ ಮಾತನ್ನೂ ಮುಗಿಸಿಬಿಡುತ್ತಿದ್ದರು. ನಮ್ಮ ಕಡೆಯ ತಪ್ಪನ್ನು ನಾವೇ ಮೊದಲು ತೆಗೆದುಹಾಕಿದರೆ ಉಳಿದ ಬೇಡಿಕೆಗೆ ಬಲ ಬರುತ್ತದೆ.

ಚೊಚ್ಚಲ ಹೆರಿಗೆಗೆ ತವರಿಗೆ ಹೋದರೆ ಹಣ ಯಾರಿಗೆ?

ನಮ್ಮಲ್ಲಿ ಅತಿ ಹೆಚ್ಚು ಮನಸ್ತಾಪಕ್ಕೆ ಕಾರಣವಾಗುವ ಪ್ರಶ್ನೆ ಇದು. ಏಳನೆಯ ತಿಂಗಳವರೆಗೆ ಗಂಡನ ಊರಿನ ಆಶಾ ನೋಡಿಕೊಂಡಿರುತ್ತಾರೆ, ಸೀಮಂತ ಮುಗಿಸಿ ಹುಡುಗಿ ತವರಿಗೆ ಹೋಗುತ್ತಾಳೆ, ಹೆರಿಗೆ, ಬಾಣಂತನ ಅಲ್ಲಿ. ಜನನಿ ಸುರಕ್ಷಾ ಹಣವನ್ನು ಎರಡು ಭಾಗ ಮಾಡಿರುವುದು ಇಲ್ಲಿ ನೆರವಿಗೆ ಬರುತ್ತದೆ. ಆರೈಕೆಯ ಕೆಲಸ ಮಾಡಿದವರು ಆ 300ನ್ನೂ, ಹೆರಿಗೆಗೆ ಜೊತೆಗಿದ್ದವರು ಇನ್ನೊಂದು 300ನ್ನೂ, ಮನೆ ಭೇಟಿಗಳನ್ನು ಮಾಡಿದವರು 250ನ್ನೂ ಕೇಳುವುದು ಕ್ರಮ.

ಹುಡುಗಿ ಊರು ಬಿಡುವ ಮೊದಲೇ ಎರಡು ಕೆಲಸ ಮಾಡಿ. ಆಗಿರುವ ತಪಾಸಣೆಗಳೆಲ್ಲ ಪೋರ್ಟಲ್‌ನಲ್ಲಿ ನಿಮ್ಮ ಉಪಕೇಂದ್ರದ ಹೆಸರಿನಲ್ಲಿ ಏರಿವೆಯೇ ನೋಡಿ. ಆಮೇಲೆ ಅವಳ ಆರ್‌ಸಿಎಚ್ ಸಂಖ್ಯೆಯನ್ನು ತವರೂರಿನ ಆಶಾಗೆ ಫೋನ್ ಮಾಡಿ ಕೊಡಿ. ಅಲ್ಲಿ ಹೊಸದಾಗಿ ಇನ್ನೊಂದು ನೋಂದಣಿಯಾದರೆ ಒಬ್ಬಳೇ ತಾಯಿ ಎರಡು ಸಂಖ್ಯೆಯಲ್ಲಿ ಅರ್ಧರ್ಧ ಕಾಣುತ್ತಾಳೆ, ಇಬ್ಬರು ಆಶಾಗಳ ಕ್ಲೇಮೂ ಕೆಡುತ್ತದೆ.

ಬಿಲ್ ಆಗಿದೆ ಎನ್ನುತ್ತಾರೆ, ಖಾತೆಗೆ ಬಂದಿಲ್ಲ. ಈಗೇನು?

ಮೊದಲು ಪಾಸ್‌ಬುಕ್ ಎಂಟ್ರಿ ಮಾಡಿಸಿ. ಎಸ್‌ಎಂಎಸ್ ಬರಲಿಲ್ಲ ಎಂದರೆ ಹಣ ಬರಲಿಲ್ಲ ಎಂದಲ್ಲ. ನಂತರ `pfms.nic.in` ತಾಣದಲ್ಲಿ `Know Your Payment` ಎಂಬಲ್ಲಿ ಬ್ಯಾಂಕಿನ ಹೆಸರು ಮತ್ತು ಖಾತೆ ಸಂಖ್ಯೆ ಕೊಟ್ಟರೆ ಆ ವ್ಯವಸ್ಥೆಯ ಮೂಲಕ ಆದ ಪಾವತಿಗಳು ಕಾಣುತ್ತವೆ. ಆಧಾರ್ ಆಧಾರಿತ ಪಾವತಿಗಳನ್ನು `DBT Karnataka` ಆ್ಯಪ್‌ನಲ್ಲಿ ನೋಡಬಹುದು.

ಎರಡು ಕಾರಣಗಳನ್ನು ವಿಶೇಷವಾಗಿ ಪರಿಶೀಲಿಸಿ. ಒಂದು, ಹಣ ನಿಮ್ಮದೇ ಬೇರೆ ಖಾತೆಗೆ ಹೋಗಿರುವುದು. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯಾಗಿದೆಯೋ ಆ ಖಾತೆಗೆ ಹೋಗುತ್ತದೆ. ಸಂಘದ ಸಾಲಕ್ಕೋ ಬೇರಾವುದಕ್ಕೋ ಹೊಸ ಖಾತೆ ತೆರೆದಾಗ ಜೋಡಣೆ ಅಲ್ಲಿಗೆ ಬದಲಾಗಿರಬಹುದು. ಎರಡು, ಬ್ಯಾಂಕ್ ವಿಲೀನ. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದಾದವು. ಅದಕ್ಕೂ ಮೊದಲು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ವಿಜಯ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿದ್ದವು. ಕಚೇರಿಯ ಪಟ್ಟಿಯಲ್ಲಿ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಯೇ ಉಳಿದಿದ್ದರೆ ಪಾವತಿ ವಾಪಸಾಗಬಹುದು. ವಾಪಸಾದ ಹಣ ತಾನಾಗಿ ಮತ್ತೆ ಬರುತ್ತದೆಂದು ಕಾಯಬೇಡಿ, ಹೊಸ ಪಾಸ್‌ಬುಕ್‌ನ ಮೊದಲ ಪುಟದ ಪ್ರತಿಯನ್ನು ಲಿಖಿತ ಮನವಿಯ ಜೊತೆ ಕೊಡಿ.

ಅಂಗನವಾಡಿಯಲ್ಲಿ ಲೆಕ್ಕ ಇಡುವುದು ಹೇಗೆ?

ಇಲ್ಲಿ ತುಂಡುಗಳು ಕಡಿಮೆ, ಆದರೆ ಮೂಲಗಳು ಎರಡು. 2018ರ ಅಕ್ಟೋಬರ್‌ನಿಂದ ಯೋಜನೆಯ ಮೂಲ ಗೌರವಧನ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250, ಮಿನಿ ಅಂಗನವಾಡಿ ಕಾರ್ಯಕರ್ತೆಗೆ 3,500 ರೂಪಾಯಿ. ಇದನ್ನು ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ಇದರ ಮೇಲೆ ರಾಜ್ಯ ತನ್ನ ಹೆಚ್ಚುವರಿ ಗೌರವಧನ ಸೇರಿಸುತ್ತದೆ. 2025-26ರ ರಾಜ್ಯ ಬಜೆಟ್‌ನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂಪಾಯಿ ಹೆಚ್ಚಳ ಘೋಷಿಸಲಾಯಿತು.

ಒಂದು ತಿಂಗಳು ಮೊತ್ತ ಕಡಿಮೆ ಬಂದರೆ ಯಾವ ಮೂಲದ ಹಣ ಬಂದಿಲ್ಲ ಎಂಬುದನ್ನು ಮೇಲ್ವಿಚಾರಕಿಯವರಲ್ಲಿ ಕೇಳಿ ಬರೆದಿಡಿ. ಎರಡು ತಿಂಗಳ ನಂತರ ಒಂದೇ ಸಲ ದೊಡ್ಡ ಮೊತ್ತ ಬಂದಾಗ, ಅದರಲ್ಲಿ ಯಾವ ತಿಂಗಳ ಯಾವ ಭಾಗ ಸೇರಿದೆ ಎಂದು ಬಿಡಿಸಿಕೊಳ್ಳಲು ಬೇರೆ ದಾರಿಯಿಲ್ಲ. ಪಾಸ್‌ಬುಕ್‌ನಲ್ಲಿ ಪ್ರತಿ ಜಮೆಯ ಎದುರು ಪೆನ್ಸಿಲ್‌ನಲ್ಲಿ ತಿಂಗಳ ಹೆಸರು ಬರೆದಿಡುವುದು ಸುಲಭದ ಉಪಾಯ.

ಪ್ರೋತ್ಸಾಹಧನ ಕಾರ್ಯಕರ್ತೆಗೆ ತಿಂಗಳಿಗೆ 500, ಸಹಾಯಕಿಗೆ 250. ಕಾರ್ಯಕರ್ತೆಯ ಪ್ರೋತ್ಸಾಹಧನ ಪೋಷಣ್ ಟ್ರ್ಯಾಕರ್‌ನಲ್ಲಿ ದಾಖಲಾದ ಕೆಲಸದ ಮೇಲೆ ನಿಂತಿದೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ತೂಕ ಮಾಡಿ, ಪುಸ್ತಕದಲ್ಲಿ ಬರೆದು, ಆ್ಯಪ್‌ಗೆ ಏರಿಸಲಾಗದೆ ಹೋದರೆ ಈ 500 ತಪ್ಪಬಹುದು. ಆದ್ದರಿಂದ ತಿಂಗಳ ಕೊನೆಯ ದಿನ ಆ್ಯಪ್‌ನ ಸಾರಾಂಶದ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ದಾಖಲಾಗದಿದ್ದ ದಿನ ಪರದೆಯಲ್ಲಿ ಬಂದ ದೋಷದ ಸಂದೇಶವನ್ನೂ ಹಾಗೇ ತೆಗೆದು, ಅದೇ ದಿನ ಮೇಲ್ವಿಚಾರಕಿಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ಮೂರು ತಿಂಗಳ ನಂತರ ಹೇಳಿದರೆ ಅದು ನೆಪದಂತೆ ಕೇಳುತ್ತದೆ, ಅದೇ ದಿನ ಕಳುಹಿಸಿದ ಸಂದೇಶ ಸಾಕ್ಷಿಯಾಗುತ್ತದೆ.

ಮತಗಟ್ಟೆ ಮಟ್ಟದ ಅಧಿಕಾರಿ ಕೆಲಸದ ಹಣವೂ ಇದರಲ್ಲೇ ಬರುತ್ತದೆಯೇ?

ಇಲ್ಲ. ಬಿಎಲ್‌ಒ ಕೆಲಸದ ಸಂಭಾವನೆ ಚುನಾವಣಾ ವ್ಯವಸ್ಥೆಯಿಂದ ಬರುತ್ತದೆ. ಚುನಾವಣಾ ಆಯೋಗ 2025ರ ಆಗಸ್ಟ್‌ನಲ್ಲಿ ಇದನ್ನು ವರ್ಷಕ್ಕೆ 6,000ದಿಂದ 12,000ಕ್ಕೆ ಏರಿಸಿತು. ಇದರ ಬಾಕಿಯನ್ನು ತಹಶೀಲ್ದಾರರ ಕಚೇರಿಯ ಚುನಾವಣಾ ಶಾಖೆಯಲ್ಲಿ ಕೇಳಬೇಕು, ಸಿಡಿಪಿಒ ಕಚೇರಿಯಲ್ಲಿ ಅಲ್ಲ.

ಬಾಕಿಯ ಅರ್ಜಿಯನ್ನು ಯಾರಿಗೆ, ಹೇಗೆ ಬರೆಯಬೇಕು?

ಆಶಾ ಆದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ, ಅಲ್ಲಿ ಬಗೆಹರಿಯದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ, ನಂತರ ಜಿಲ್ಲಾ ಆರೋಗ್ಯಾಧಿಕಾರಿಗೆ. ಅಂಗನವಾಡಿಯಾದರೆ ಮೇಲ್ವಿಚಾರಕಿಯ ಮೂಲಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ನಂತರ ಜಿಲ್ಲೆಯ ಉಪನಿರ್ದೇಶಕರಿಗೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟೂ ಕೊಡದಂತೆಯೇ.

ಬರಹ ಚಿಕ್ಕದಿರಲಿ. "ಕಷ್ಟದಲ್ಲಿದ್ದೇವೆ, ದಯವಿಟ್ಟು ಹಣ ಕೊಡಿಸಿ" ಎಂದು ಬರೆದ ಅರ್ಜಿಯ ಮೇಲೆ ಕಚೇರಿಯಲ್ಲಿ ಮಾಡಬಹುದಾದ ಕೆಲಸವೇನೂ ಇರುವುದಿಲ್ಲ. ಇದರ ಬದಲು ಹೀಗೆ ಬರೆಯಬಹುದು: "2025ರ ಏಪ್ರಿಲ್ ತಿಂಗಳ ಕ್ಲೇಮಿನಲ್ಲಿ, ಈ ಕೆಳಗಿನ ಆರ್‌ಸಿಎಚ್ ಸಂಖ್ಯೆಯ ತಾಯಿಯ ಜನನಿ ಸುರಕ್ಷಾ ಯೋಜನೆಯ ಆರೈಕೆ ಭಾಗದ 300 ರೂಪಾಯಿ ಪಾವತಿಯಾಗಿರುವುದಿಲ್ಲ. ತಾಯಿ ಕಾರ್ಡ್‌ನ ಪ್ರತಿ ಮತ್ತು ಸಹಿಯಾದ ಕ್ಲೇಮಿನ ಪ್ರತಿ ಲಗತ್ತಿಸಿದೆ. ಮುಂದಿನ ಬಿಲ್ಲಿನಲ್ಲಿ ಸೇರಿಸಬೇಕೆಂದು ಅಥವಾ ತಿರಸ್ಕರಿಸಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ." ಕೊನೆಯ ವಾಕ್ಯವನ್ನು ಬಿಡಬೇಡಿ.

ಉತ್ತರ ಬರದಿದ್ದರೆ ರಾಜ್ಯದ ಕುಂದುಕೊರತೆ ಸಹಾಯವಾಣಿ 1902ರಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಅದೇ ಪುಟದಲ್ಲಿ ಬರೆದುಕೊಳ್ಳಿ.

ಮಾಹಿತಿ ಹಕ್ಕಿನಲ್ಲಿ ಏನು ಕೇಳಬೇಕು?

"ನನ್ನ ಹಣ ಯಾಕೆ ಬಂದಿಲ್ಲ" ಎಂದು ಕೇಳಬೇಡಿ. "ಯಾಕೆ" ಎಂಬುದಕ್ಕೆ ವಿವರಣೆ ಬೇಕಾಗುತ್ತದೆ, ಈ ಕಾಯ್ದೆಯಲ್ಲಿ ಸಿಗುವುದು ದಾಖಲೆ. ಇಂಥ ತಿಂಗಳಿಗೆ ನನ್ನ ಹೆಸರಿನಲ್ಲಿ ತಯಾರಾದ ಪ್ರೋತ್ಸಾಹಧನ ಬಿಲ್ಲಿನ ಬಾಬ್ತುವಾರು ದೃಢೀಕೃತ ಪ್ರತಿ ಕೊಡಿ ಎಂದು ಕೇಳಿ. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳ ಒಳಗಿರಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ನಂತರದ 30 ದಿನಗಳೊಳಗೆ ಮೊದಲ ಮೇಲ್ಮನವಿ. ಬಾಬ್ತುವಾರು ಪ್ರತಿ ಕೈಗೆ ಬಂದ ಮೇಲೆ ಅದನ್ನು ನಿಮ್ಮ ತಾಯಂದಿರ ಪುಟಗಳ ಪಕ್ಕದಲ್ಲಿಟ್ಟು ಒಂದೊಂದೇ ಸಾಲಿಗೆ ಗುರುತು ಹಾಕುತ್ತ ಹೋಗಿ. ಗುರುತು ಬೀಳದೆ ಉಳಿದ ಸಾಲುಗಳೇ ನಿಮ್ಮ ಬಾಕಿ.

ನಿವೃತ್ತಿಯಾಗುವಾಗ ಏನು ಬರಬೇಕು?

ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ರಂದು, ಗುಜರಾತಿನ ಮಣಿಬೆನ್ ಮಗನ್‌ಭಾಯಿ ಭಾರಿಯಾ ಅವರ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಈ ತೀರ್ಪು ಆಶಾ ಕಾರ್ಯಕರ್ತೆಯರ ಬಗ್ಗೆ ಅಲ್ಲ. ಆಶಾ ಆಗಿ 10 ವರ್ಷ ದುಡಿದು ಬಿಡುವವರಿಗೆ ಕೊಡುತ್ತಿದ್ದ 20,000 ರೂಪಾಯಿಯನ್ನು 50,000ಕ್ಕೆ ಏರಿಸುವ ತೀರ್ಮಾನವನ್ನು 2025ರಲ್ಲಿ ಕೇಂದ್ರ ಮಾಡಿದೆ. ಎರಡಕ್ಕೂ ಸೇವೆ ಆರಂಭವಾದ ದಿನಾಂಕವೇ ಆಧಾರ. ಆದ್ದರಿಂದ ನೇಮಕದ ಮೊದಲ ಆದೇಶದ ಪ್ರತಿ ಮನೆಯಲ್ಲಿ ಇಲ್ಲದಿದ್ದರೆ, ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ಕಚೇರಿಯಿಂದ ದೃಢೀಕೃತ ಪ್ರತಿ ತೆಗೆದುಕೊಂಡು, ಬಾಕಿಯ ಪುಸ್ತಕದ ಜೊತೆಯಲ್ಲೇ ಇಡಿ.